ಕ್ಲೋರಿನ್ ಬಿಟ್ಟು ಬ್ರೋಮಿನ್ ಹಿಡಿದ ಮೇಲೆ

ನನಗೆ ಬೇಕಾಗಿದ್ದದ್ದು 2,3-ಡೈಮೀಥೈಲ್‌ಬ್ಯುಟೇನ್‌ನ ಟರ್ಷಿಯರಿ ಹ್ಯಾಲೈಡ್. ಕ್ಲೋರೈಡ್ ಆದರೂ ಸರಿ, ಬ್ರೋಮೈಡ್ ಆದರೂ ಸರಿ. ಈ ಆಲ್ಕೇನ್‌ನಲ್ಲಿ 12 ಪ್ರೈಮರಿ ಹೈಡ್ರೋಜನ್ ಇವೆ, 2 ಟರ್ಷಿಯರಿ ಇವೆ, ಸೆಕೆಂಡರಿ ಒಂದೂ ಇಲ್ಲ. ಹಾಗಾಗಿ ಲೆಕ್ಕ ತುಂಬಾ ಸುಲಭ. ಆದರೂ ನಾನು ಮೂರು ತಿಂಗಳು ಹಾಳು ಮಾಡಿದೆ.

ಶುರು ಮಾಡಿದ್ದು ಕ್ಲೋರಿನ್‌ನಿಂದ. ನಮ್ಮ ಲ್ಯಾಬಿನ ಹಿರಿಯರು, "ಕ್ಲೋರಿನ್ ಅಗ್ಗ, ಚುರುಕು. ಬ್ರೋಮಿನ್ ಯಾಕಪ್ಪ ಸುಮ್ನೆ?" ಅಂದರು. ಟರ್ಷಿಯರಿ ರ‍್ಯಾಡಿಕಲ್ ಜಾಸ್ತಿ ಸ್ಥಿರ, ಅದೇ ಮೇಲುಗೈ ಸಾಧಿಸುತ್ತದೆ ಅಂತ ನಾನೂ ನಂಬಿದ್ದೆ. ದೀಪ ಹಾಕಿ, ಗ್ಯಾಸನ್ನು ಸಣ್ಣಗೆ ಬಿಟ್ಟೆ. ರಿಯಾಕ್ಷನ್ ನೋಡನೋಡುತ್ತಲೇ ಮುಗಿಯಿತು. ಖುಷಿಯಿಂದ ಎನ್‌ಎಂಆರ್ ಹಾಕಿಸಿದೆ. 3.4ರ ಹತ್ತಿರ ದಪ್ಪಗೆ ಒಂದು ಗುಂಪು ಸಿಗ್ನಲ್ ಕೂತಿತ್ತು. ಅದು CH₂Cl, ಅಂದರೆ ಪ್ರೈಮರಿ. ಟರ್ಷಿಯರಿಯ ಮೀಥೈಲ್ ಸಿಂಗ್ಲೆಟ್ 1.5ರ ಆಸುಪಾಸಿನಲ್ಲಿ ಇತ್ತು. ಏರಿಯಾ ತಾಳೆ ಹಾಕಿದರೆ ಟರ್ಷಿಯರಿ ನೂರಕ್ಕೆ ಸುಮಾರು 40, ಉಳಿದ 60 ಪ್ರೈಮರಿ.

ನಿಜ ಹೇಳಬೇಕೆಂದರೆ ಇದು ತಪ್ಪು ಫಲಿತಾಂಶವಲ್ಲ, ಬರಬೇಕಾದದ್ದೇ ಬಂದಿತ್ತು. ಒಂದೊಂದು ಹೈಡ್ರೋಜನ್‌ಗೆ ಲೆಕ್ಕ ಹಾಕಿದರೆ ಕ್ಲೋರಿನ್ ಪರಮಾಣು ಟರ್ಷಿಯರಿಯನ್ನು ಪ್ರೈಮರಿಗಿಂತ ನಾಲ್ಕು ಪಟ್ಟು ಇಷ್ಟಪಡುತ್ತದೆ, ಅಷ್ಟೇ. 2 ಗುಣಿಸು 4.2 ಅಂದರೆ 8.4. ಆ ಕಡೆ 12 ಗುಣಿಸು 1. ತಲೆ ಎಣಿಕೆಯಲ್ಲಿ ಪ್ರೈಮರಿ ಗೆದ್ದುಬಿಡುತ್ತದೆ.

ಎರಡನ್ನೂ ಬೇರೆ ಮಾಡಿದರಾಯ್ತು ಅಂದುಕೊಂಡೆ. ದುಡ್ಡು ಸುರಿದದ್ದು ಅಲ್ಲೇ. ಎರಡು ಕ್ಲೋರೈಡ್‌ಗಳ ಕುದಿಬಿಂದು ಹತ್ತಿರ ಹತ್ತಿರ, ಸುಮಾರು ಹತ್ತು ಡಿಗ್ರಿ ಅಂತರ. ಉದ್ದ ಕಾಲಮ್ ಬೇಕು, ಗಂಟೆಗಟ್ಟಲೆ ಕಾಯಿಸಬೇಕು. ಹಾಗೆ ಕಾಯಿಸಿದರೆ ಟರ್ಷಿಯರಿ ಕ್ಲೋರೈಡ್ HCl ಬಿಟ್ಟು ಆಲ್ಕೀನ್ ಆಗುತ್ತದೆ. ಅಗ್ಗದ ಕ್ಲೋರಿನ್‌ನಿಂದ ಉಳಿಸಿದ್ದೆಲ್ಲ ಡಿಸ್ಟಿಲೇಷನ್‌ಗೆ ಹೋಯಿತು, ಮೇಲೆ ಇನ್ನಷ್ಟು ಹೋಯಿತು.

"ತಣ್ಣಗೆ ಮಾಡು, ಆಯ್ಕೆ ಸುಧಾರಿಸುತ್ತೆ" ಅಂತ ಇನ್ನೊಬ್ಬರ ಸಲಹೆ. ಐಸು-ಉಪ್ಪು ಹಾಕಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಸಿ ಮಾಡಿದೆ. 40 ಇದ್ದದ್ದು 46ಕ್ಕೋ 47ಕ್ಕೋ ಬಂತು. ಆ ದಿನ ಸಂಜೆ ಕೂತು ಎನರ್ಜಿ ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು.

ಲೆಕ್ಕ ಹೀಗಿದೆ. ಪ್ರೈಮರಿ C–H ಮುರಿಯಲು ಸುಮಾರು 101 ಕಿಲೋಕ್ಯಾಲರಿ, ಟರ್ಷಿಯರಿ C–H ಮುರಿಯಲು ಸುಮಾರು 96.5. ಅಂದರೆ ಎರಡು ರ‍್ಯಾಡಿಕಲ್‌ಗಳ ನಡುವೆ 4.5 ವ್ಯತ್ಯಾಸ ಇದೆ. ಇಷ್ಟೂ ವ್ಯತ್ಯಾಸ ರಿಯಾಕ್ಷನ್ ದಾಟಬೇಕಾದ ಎನರ್ಜಿಯ ತಡೆಗೋಡೆಯಲ್ಲಿ ಕಾಣಿಸಿದ್ದರೆ ನನಗೆ ಎರಡು ಸಾವಿರದ ಹತ್ತಿರದ ಅನುಪಾತ ಸಿಗಬೇಕಿತ್ತು. ಸಿಕ್ಕಿದ್ದು ನಾಲ್ಕು. ನಾಲ್ಕು ಪಟ್ಟು ಅಂದರೆ ಒಂದು ಕಿಲೋಕ್ಯಾಲರಿಗೂ ಕಡಿಮೆ, 0.8 ಸುಮಾರು. ಉಳಿದದ್ದು ಎಲ್ಲಿ ಹೋಯಿತು?

H–Cl ಬಂಧ 103. ಹಾಗಾಗಿ ಕ್ಲೋರಿನ್ ಪರಮಾಣು ಯಾವ ಹೈಡ್ರೋಜನ್ ಕಿತ್ತರೂ ಅದು ಇಳಿಜಾರೇ. ಪ್ರೈಮರಿಗೆ 2 ಇಳಿಜಾರು, ಟರ್ಷಿಯರಿಗೆ 6.5. ಮೊದಲೇ ಗೋಡೆ ಕುಳ್ಳ, ಮೇಲೆ ಇಳಿಜಾರು. ಟ್ರಾನ್ಸಿಷನ್ ಸ್ಟೇಟ್ ಎನರ್ಜಿಯಲ್ಲಿ ಹೊರಟ ಕಡೆಗೇ ಹತ್ತಿರ. ಎನರ್ಜಿಯಲ್ಲಿ ಹತ್ತಿರ ಇದ್ದದ್ದು ಆಕಾರದಲ್ಲೂ ಹತ್ತಿರ ಇರುತ್ತದೆ, ಅಲ್ವಾ? 1955ರಲ್ಲಿ ಹ್ಯಾಮಂಡ್ ಹೇಳಿದ್ದು ಇದನ್ನೇ. ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಮರೆತಿದ್ದೇವೆ. ಅಲ್ಲಿ C–H ಇನ್ನೂ ಚೂರು ಹಿಗ್ಗಿದೆ ಅಷ್ಟೇ, ಕಾರ್ಬನ್ ಮೇಲೆ ರ‍್ಯಾಡಿಕಲ್ ಅನ್ನುವಂಥದ್ದು ಇನ್ನೂ ಹುಟ್ಟೇ ಇಲ್ಲ. ಹುಟ್ಟದ ರ‍್ಯಾಡಿಕಲ್‌ನ ಸ್ಥಿರತೆ ತಡೆಗೋಡೆಯನ್ನು ಎಷ್ಟು ತಗ್ಗಿಸೀತು? ನಾನು ತಣ್ಣಗೆ ಮಾಡಿ ಹಿಗ್ಗಿಸಲು ಹೊರಟಿದ್ದು ಆ 0.8ನ್ನು. ಅದು ಆಗುವ ಕೆಲಸ ಆಗಿರಲಿಲ್ಲ.

ಈಗ H–Br ನೋಡಿ, 87.5. ಬ್ರೋಮಿನ್ ಪರಮಾಣುವಿಗೆ ಎರಡೂ ಏರುದಾರಿ. ಪ್ರೈಮರಿಗೆ 13.5 ಹತ್ತಬೇಕು, ಟರ್ಷಿಯರಿಗೆ 9. ಇಲ್ಲಿ ಗುಡ್ಡದ ತುದಿ ಇರುವುದು ದಾರಿಯ ಕೊನೆಯಲ್ಲಿ, ರ‍್ಯಾಡಿಕಲ್‌ನ ಪಕ್ಕದಲ್ಲೇ. C–H ಬಹುತೇಕ ಮುರಿದಿರುತ್ತದೆ, H–Br ಬಹುತೇಕ ಕೂಡಿರುತ್ತದೆ. ಆಗ ರ‍್ಯಾಡಿಕಲ್‌ಗಳ ವ್ಯತ್ಯಾಸ ಬಹುಪಾಲು ತಡೆಗೋಡೆಗೂ ಬರುತ್ತದೆ. ಪುಸ್ತಕದಲ್ಲಿ ಕೊಡುವ ಅನುಪಾತ 1ಕ್ಕೆ 1600. ನನ್ನ ಆಲ್ಕೇನ್‌ಗೆ ಹಾಕಿದರೆ 12ರ ಎದುರು 3200, ಅಂದರೆ ನೂರಕ್ಕೆ 99ಕ್ಕೂ ಮೇಲೆ ಟರ್ಷಿಯರಿ.

ಲ್ಯಾಬಿನಲ್ಲಿ ಹೇಳಿದಾಗ ಯಾರೂ ಒಪ್ಪಲಿಲ್ಲ. ನಿಧಾನದ ರಿಯಾಕ್ಷನ್‌ನಲ್ಲಿ ಕಸ ಜಾಸ್ತಿ ಬರುತ್ತೆ ಅನ್ನುವುದು ಅವರ ವಾದ. ಮೊದಲ ಸಲ ಅವರೇ ಗೆದ್ದರು ಕೂಡ. ನಾನು ಆಲ್ಕೇನ್ ಮತ್ತು ಬ್ರೋಮಿನ್ ಒಂದಕ್ಕೊಂದು ಸಮವಾಗಿ ಹಾಕಿದ್ದೆ. ಫ್ಲಾಸ್ಕ್ ತಣ್ಣಗಾದ ಮೇಲೆ ಅದರ ಗೋಡೆಗೆ ಬಿಳಿ ಹರಳು ಅಂಟಿಕೊಂಡಿತ್ತು. ಮಾನೋಬ್ರೋಮೈಡ್ ದ್ರವ, ಹರಳು ಬರಲೇಬಾರದು. ಎನ್‌ಎಂಆರ್‌ನಲ್ಲಿ ನೋಡಿದರೆ ಒಂದೇ ಒಂದು ಸಿಂಗ್ಲೆಟ್: 2,3-ಡೈಬ್ರೋಮೈಡ್. ಒಂದು ಸಲ ಬ್ರೋಮಿನ್ ಕೂತ ಅಣುವಿನ ಪಕ್ಕದ ಟರ್ಷಿಯರಿ ಹೈಡ್ರೋಜನ್ ಇನ್ನೂ ಬೇಗ ಹೋಗುತ್ತದೆ. ಜೊತೆಗೆ ಟರ್ಷಿಯರಿ ಬ್ರೋಮೈಡ್ HBr ಕಳೆದುಕೊಂಡು ಆಲ್ಕೀನ್ ಆದರೆ ಅದಕ್ಕೂ Br₂ ಕೂಡಿ ಅದೇ ಹರಳಾಗುತ್ತದೆ. ಮೊದಲ ಹೈಡ್ರೋಜನ್ ಎಲ್ಲಿಂದ ಹೋಗುತ್ತದೆ ಅನ್ನುವುದನ್ನು ಮಾತ್ರ ಹ್ಯಾಮಂಡ್ ಹೇಳುತ್ತಾನೆ, ಎರಡನೆಯದು ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಪರಿಹಾರ ಸರಳ, ಆದರೆ ಖರ್ಚಿನದು: ಆಲ್ಕೇನ್ ಧಾರಾಳವಾಗಿ ಹಾಕಬೇಕು. ಸುಮಾರು 100 ಮಿಲಿ ಆಲ್ಕೇನ್‌ಗೆ 5 ಮಿಲಿ ಬ್ರೋಮಿನ್, ಅಂದರೆ ಏಳೆಂಟಕ್ಕೆ ಒಂದು ಮೋಲ್. ಮೆಲ್ಲಗೆ ರಿಫ್ಲಕ್ಸ್, ಆಲ್ಕೇನ್ ಕುದಿಯುವುದು 58 ಡಿಗ್ರಿಗೆ. ದೀಪ ಹಚ್ಚಿ ಬ್ರೋಮಿನ್ ಹನಿ ಹನಿಯಾಗಿ ಬಿಟ್ಟೆ. ಮೊದಲ ಹನಿಗಳ ಕಂದುಗೆಂಪು ಹತ್ತು ನಿಮಿಷ ಹಾಗೇ ನಿಂತಿತ್ತು. ಹಿರಿಯರು ಬಂದು ನೋಡಿ ನಕ್ಕು ಹೋದರು. ಆಮೇಲೆ ಬಣ್ಣ ತಟ್ಟನೆ ಹುಲ್ಲಿನ ಹಳದಿಗೆ ಇಳಿಯಿತು, ಕಂಡೆನ್ಸರ್ ತುದಿಯಲ್ಲಿ HBr ಹೊಗೆ ಕಾಣಿಸಿತು. ಅಲ್ಲಿಂದ ಮುಂದೆ ಒಂದೇ ನಿಯಮ: ಹಿಂದಿನ ಹನಿಯ ಬಣ್ಣ ಹೋಗದೆ ಮುಂದಿನ ಹನಿ ಬಿಡಬೇಡಿ. ಒಂದೂವರೆ ಗಂಟೆ ಹಿಡಿಯಿತು. HBr ಒಳಗೆ ಉಳಿಯದ ಹಾಗೆ ಹೊರಗೆ ಎಳೆಯಲು ನನ್ನದೇ ಒಂದು ಸಣ್ಣ ಜೋಡಣೆ ಇದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಜಿಸಿ ನನ್ನನ್ನು ಮತ್ತೆ ಹೆದರಿಸಿತು. ಆಲ್ಕೀನ್ ಪೀಕ್ ದೊಡ್ಡದಾಗಿ ಬಂದಿತ್ತು. ಆಮೇಲೆ ಗೊತ್ತಾಯಿತು, ಬಿಸಿ ಇಂಜೆಕ್ಟರ್‌ನಲ್ಲೇ ಟರ್ಷಿಯರಿ ಬ್ರೋಮೈಡ್ ಒಡೆಯುತ್ತಿತ್ತು. ಅದೇ ಸ್ಯಾಂಪಲ್‌ನ ಎನ್‌ಎಂಆರ್‌ನಲ್ಲಿ ಆಲ್ಕೀನ್ ಇಲ್ಲ. 3.4ರ ಹತ್ತಿರ ಗೆರೆ ಸಪಾಟಾಗಿತ್ತು, ಪ್ರೈಮರಿ ಕಣ್ಣಿಗೆ ಬೀಳಲೇ ಇಲ್ಲ. ಮಿಗಿಲಾದ ಆಲ್ಕೇನ್ ತೆಗೆದು, ತಗ್ಗಿದ ಒತ್ತಡದಲ್ಲಿ ಬಟ್ಟಿ ಇಳಿಸಿದ ಮೇಲೆ 11-12 ಗ್ರಾಂ ಸಿಕ್ಕಿತು. ಪೂರ್ತಿ ಬಂದಿದ್ದರೆ ಸುಮಾರು 16 ಆಗಬೇಕಿತ್ತು. ಆಲ್ಕೇನ್ ಮುಕ್ಕಾಲಿಗಿಂತ ಜಾಸ್ತಿ ವಾಪಸ್ ಬಂತು, ಅದನ್ನೇ ಮುಂದಿನ ಬ್ಯಾಚ್‌ಗೆ ಹಾಕಿದೆ. ಬ್ರೋಮಿನ್ ದುಬಾರಿ ಅನ್ನುವ ಮಾತು ಅಲ್ಲಿಗೆ ನಿಂತಿತು. ನಕ್ಕು ಹೋದ ಹಿರಿಯರೇ ಈಗ ತಮ್ಮ ಹುಡುಗರನ್ನು ನನ್ನ ಹತ್ತಿರ ಕಳಿಸುತ್ತಾರೆ.

ಕುತೂಹಲಕ್ಕೆ ಕ್ಲೋರಿನ್ ಜೊತೆ ಇನ್ನೊಂದು ಆಟ ಆಡಿದೆ. ಬೆಂಜೀನ್‌ನಲ್ಲಿ ಕರಗಿಸಿ ಮಾಡಿದರೆ ಕ್ಲೋರಿನ್ ಪರಮಾಣು ಬೆಂಜೀನ್‌ಗೆ ಸಡಿಲವಾಗಿ ಅಂಟಿಕೊಳ್ಳುತ್ತದೆ. 1950ರ ದಶಕದಲ್ಲೇ ರಸೆಲ್ ಇದೇ ಆಲ್ಕೇನ್ ಮೇಲೆ ಇದನ್ನು ತೋರಿಸಿದ್ದರು. ಅಂಟಿಕೊಂಡ ಪರಮಾಣುವಿನ ಎನರ್ಜಿ ತಗ್ಗಿರುತ್ತದೆ, ಇಳಿಜಾರು ಕಡಿಮೆ ಆಗುತ್ತದೆ, ಟ್ರಾನ್ಸಿಷನ್ ಸ್ಟೇಟ್ ಸ್ವಲ್ಪ ರ‍್ಯಾಡಿಕಲ್ ಕಡೆಗೆ ಸರಿಯುತ್ತದೆ. ಪರಿಮಾಣದಲ್ಲಿ ಮೂರನೇ ಒಂದು ಭಾಗ ಬೆಂಜೀನ್ ಇಟ್ಟಾಗ ನಾಲ್ಕಿದ್ದ ಅನುಪಾತ 20ರ ಹತ್ತಿರ ಹೋಯಿತು, ಟರ್ಷಿಯರಿ ನೂರಕ್ಕೆ 75 ದಾಟಿತು. ಕಾರ್ಬನ್ ಡೈಸಲ್ಫೈಡ್‌ನಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ, ಆದರೆ ಅದು ಬಿಸಿ ಪೈಪ್ ತಗುಲಿದರೂ ಹೊತ್ತಿಕೊಳ್ಳುವ ಸಾಮಾನು. ದೀಪದ ಪಕ್ಕ ಇಡಲು ನನಗೆ ಧೈರ್ಯ ಬರಲಿಲ್ಲ. ಬೆಂಜೀನನ್ನೂ ಆರೋಗ್ಯದ ಕಾರಣಕ್ಕೆ ಬಿಟ್ಟೆ.

ರ‍್ಯಾಡಿಕಲ್ ಗೊಡವೆಯೇ ಬೇಡ ಅಂತ ನಡುವೆ ಕ್ಯಾಟಯಾನ್ ದಾರಿಯನ್ನೂ ನೋಡಿದ್ದೆ. 3,3-ಡೈಮೀಥೈಲ್-1-ಬ್ಯುಟೀನ್‌ಗೆ HCl ಕೊಟ್ಟರೆ ಸೆಕೆಂಡರಿ ಕ್ಯಾಟಯಾನ್ ಹುಟ್ಟುತ್ತದೆ. ಅದರಲ್ಲಿ ಮೀಥೈಲ್ ಪಕ್ಕಕ್ಕೆ ಜರುಗಿದರೆ ಟರ್ಷಿಯರಿ ಕ್ಯಾಟಯಾನ್, ಅಂದರೆ ನನಗೆ ಬೇಕಾದ ಅಸ್ಥಿಪಂಜರವೇ. ಟರ್ಷಿಯರಿ ಹತ್ತಕ್ಕೂ ಜಾಸ್ತಿ ಕಿಲೋಕ್ಯಾಲರಿ ಕೆಳಗಿದೆ, ಎಲ್ಲವೂ ಅದಕ್ಕೇ ಹೋಗುತ್ತದೆ ಅಂದುಕೊಂಡೆ. ಬಂದದ್ದು ಬೆರಕೆ. ಜರುಗಿದ ಕ್ಲೋರೈಡ್ ಇತ್ತು, ಜರುಗದ 3-ಕ್ಲೋರೋ-2,2-ಡೈಮೀಥೈಲ್‌ಬ್ಯುಟೇನ್ ಕೂಡ ಸಾಕಷ್ಟು ಇತ್ತು. ಪ್ರೈಮರಿ ಕ್ಲೋರೈಡ್ ಮಾತ್ರ ಇರಲೇ ಇಲ್ಲ.

ಒಂದೇ ಫ್ಲಾಸ್ಕಿನಲ್ಲಿ ಎರಡು ನಡತೆ. ಪ್ರೋಟಾನ್ ಕೂಡುವ ಹೆಜ್ಜೆ ದೊಡ್ಡ ಏರು, ಅದರ ತುದಿ ಕ್ಯಾಟಯಾನ್ ಪಕ್ಕದಲ್ಲೇ ಇದೆ. ಸೆಕೆಂಡರಿ-ಪ್ರೈಮರಿ ವ್ಯತ್ಯಾಸ ಅಲ್ಲಿ ಹೆಚ್ಚುಕಡಿಮೆ ಪೂರ್ತಿ ಕೆಲಸ ಮಾಡುತ್ತದೆ, ಅದಕ್ಕೇ ಪ್ರೈಮರಿ ಕಡೆ ಯಾವುದೂ ಹೋಗಲಿಲ್ಲ. ಆದರೆ ಸೆಕೆಂಡರಿ ಕ್ಯಾಟಯಾನ್ ಆದ ಮೇಲೆ ಮೀಥೈಲ್ ಜರುಗುವುದೂ ಇಳಿಜಾರು, ಕ್ಲೋರೈಡ್ ಬಂದು ಕೂರುವುದೂ ಇಳಿಜಾರು. ಎರಡರ ತುದಿಯೂ ಆ ಸೆಕೆಂಡರಿ ಕ್ಯಾಟಯಾನ್‌ಗೇ ಹತ್ತಿರ, ಗೋಡೆ ಎರಡೂ ಕುಳ್ಳ. ಟರ್ಷಿಯರಿ ಎಷ್ಟು ಕೆಳಗಿದೆ ಅನ್ನುವುದು ಆ ತುದಿಯಲ್ಲಿ ನಿಂತವನಿಗೆ ಕಾಣುವುದೇ ಇಲ್ಲ. ಕ್ಲೋರಿನ್ ಪರಮಾಣುವಿನ ಕತೆಯೇ ಇದು, ವೇಷ ಬೇರೆ.

2,3-ಡೈಮೀಥೈಲ್-2-ಬ್ಯುಟೀನ್‌ನಿಂದ ಹೊರಟರೆ ಜರುಗುವ ಗೋಜೇ ಇಲ್ಲ, ಪ್ರೋಟಾನ್ ಕೂಡಿದ ಕೂಡಲೇ ಟರ್ಷಿಯರಿ ಕ್ಯಾಟಯಾನ್. ಒಂದು ಸಲ ಮಾಡಿ ನೋಡಿದೆ, ಚೊಕ್ಕವಾಗಿ ಬಂತು. ಆದರೆ ಆ ಆಲ್ಕೀನ್ ನನ್ನ ಆಲ್ಕೇನ್‌ಗಿಂತ ದುಬಾರಿ, ಅದರಲ್ಲಿ ಮಿಕ್ಕಿದ್ದನ್ನು ವಾಪಸ್ ತೆಗೆಯುವ ಮಾತೂ ಇಲ್ಲ. ಹಾಗಾಗಿ ಈಗಲೂ ಬ್ರೋಮಿನ್ ಹನಿ ಎಣಿಸುತ್ತಾ ಕೂರುತ್ತೇನೆ.