ತಾಮ್ರದ ಹಂಡೆಗೆ ಥಿಕ್‌ನೆಸ್ ಗೇಜ್ ಹೊಂದಿಸಿದ್ದು: ನನ್ನ ಅನುಭವ

ಅಡಿಕೆ ಬೇಯಿಸುವ ಹಂಡೆಯ ತಳ ಎಷ್ಟು ಸವೆದಿದೆ ಎಂದು ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಹೊರಗೆ ಮಸಿ, ಒಳಗೆ ಚೊಗರಿನ ಕಪ್ಪು. ಮೈಕ್ರೋಮೀಟರ್ ಅಂಚಿಗೆ ಹಿಡಿಯುತ್ತದೆ, ತಳಕ್ಕೆ ತಲುಪುವುದಿಲ್ಲ. ತೀರ್ಥಹಳ್ಳಿ ಕಡೆಯ ಒಂದು ಮನೆಯಿಂದ, "ಈ ಕೊಯ್ಲಿಗೆ ತಳ ತಡೆಯುತ್ತದಾ ನೋಡಿ ಹೇಳಿ ಮಾರಾಯ್ರೇ" ಎಂದು ಕೇಳಿದ್ದರು. ನನ್ನ ಅಲ್ಟ್ರಾಸೋನಿಕ್ ಗೇಜ್ ಹಿಡಿದು ಹೊರಟೆ. ಆದರೆ ಅದು ದಿನವೂ ಅಳೆಯುವುದು ಉಕ್ಕನ್ನು. ತಾಮ್ರಕ್ಕೆ ಅದನ್ನು ಒಗ್ಗಿಸಬೇಕಿತ್ತು.

ಗೇಜ್ ನಿಜವಾಗಿ ಅಳೆಯುವುದು ದಪ್ಪವನ್ನಲ್ಲ, ಸಮಯವನ್ನು. ಶಬ್ದ ಲೋಹದೊಳಗೆ ಹೋಗಿ, ಆಚೆ ಮೈಗೆ ಬಡಿದು ವಾಪಸ್ ಬರಲು ಎಷ್ಟು ಹೊತ್ತಾಯಿತು ಎಂದು ನೋಡುತ್ತದೆ. ಅದನ್ನು ನಾವು ಕೊಟ್ಟ ವೇಗದಿಂದ ಗುಣಿಸಿ, ಎರಡರಿಂದ ಭಾಗಿಸಿ ತೋರಿಸುತ್ತದೆ. ಹಾಗಾಗಿ ತಪ್ಪು ಎರಡು ಕಡೆಯಿಂದ ನುಗ್ಗಬಹುದು. ಲೋಹಕ್ಕೆ ಒತ್ತಿ ಹಿಡಿಯುವ ಪ್ರೋಬ್‌ನೊಳಗೇ ಶಬ್ದ ಕಳೆಯುವ ಸಮಯವನ್ನು ಲೆಕ್ಕದಿಂದ ಸರಿಯಾಗಿ ತೆಗೆಯದಿದ್ದರೆ ಅದು ಜೀರೋ ತಪ್ಪು. ಲೋಹದಲ್ಲಿ ಶಬ್ದದ ವೇಗ ನಾವು ಕೊಟ್ಟದ್ದಕ್ಕಿಂತ ಬೇರೆ ಇದ್ದರೆ ಅದು ವೆಲಾಸಿಟಿ ತಪ್ಪು.

ಇವೆರಡನ್ನೂ ಬಿಡಿಸಿ ತೋರಿಸುವುದೇ ಸ್ಟೆಪ್ ಬ್ಲಾಕಿನ ಕೆಲಸ. ನನ್ನದು ಉಕ್ಕಿನದು. ಅದರಲ್ಲಿ 2.5, 5, 7.5, 10, 12.5 ಮಿ.ಮೀ. ಮೆಟ್ಟಿಲುಗಳಿವೆ. ವೇಗ ಸೆಕೆಂಡಿಗೆ 5920 ಮೀಟರ್ ಎಂದು ಇಟ್ಟು, ಪ್ರತಿ ಮೆಟ್ಟಿಲಿನ ನಡುವೆ, ಅಂಚಿನಿಂದ ದೂರ, ಒಂದು ಹನಿ ಜೆಲ್ ಹಾಕಿ ಪ್ರೋಬ್ ಒತ್ತುತ್ತೇನೆ. ಎಲ್ಲ ಮೆಟ್ಟಿಲಲ್ಲೂ 0.12 ಜಾಸ್ತಿ ಬಂದರೆ ಅದು ಜೀರೋ. 2.5ಕ್ಕೆ 0.05, 5ಕ್ಕೆ 0.10, 12.5ಕ್ಕೆ 0.25 ಜಾಸ್ತಿ, ಹೀಗೆ ದಪ್ಪದ ಜೊತೆ ಬೆಳೆಯುತ್ತಾ ಹೋದರೆ ವೆಲಾಸಿಟಿ.

ಸುಮ್ನೆ 5 ಮಿ.ಮೀ. ಮೆಟ್ಟಿಲೊಂದರಲ್ಲೇ ಜೀರೋ ತಿರುಗಿಸಿ 5.00 ತರಿಸುವವರಿದ್ದಾರೆ. ಮೇಲೆ ಹೇಳಿದ ವೆಲಾಸಿಟಿ ತಪ್ಪಿಗೆ ಹೀಗೆ ಮಾಡಿದರೆ 5 ಸರಿ ಬರುತ್ತದೆ, ಆದರೆ 2.5 ಎನ್ನುವುದು 2.45 ಆಗುತ್ತದೆ, 12.5 ಎನ್ನುವುದು 12.65 ಆಗುತ್ತದೆ. ನಡುವೆ ಸರಿ, ಎರಡೂ ತುದಿಯಲ್ಲಿ ತಪ್ಪು. ಅದಕ್ಕೇ ನಾನು ತೆಳು ಮೆಟ್ಟಿಲಲ್ಲಿ ಜೀರೋ, ದಪ್ಪ ಮೆಟ್ಟಿಲಲ್ಲಿ ವೇಗ ಸರಿಮಾಡುತ್ತೇನೆ. ಒಂದನ್ನು ಮುಟ್ಟಿದರೆ ಇನ್ನೊಂದು ಸ್ವಲ್ಪ ಅಲುಗುತ್ತದೆ. ಎರಡೂ ನಿಲ್ಲುವವರೆಗೆ ಹಿಂದೆ ಮುಂದೆ ಹೋಗುತ್ತೇನೆ.

ಜೀರೋ ಆ ಪ್ರೋಬ್‌ಗೆ ಸೇರಿದ್ದು. ಪ್ರೋಬ್ ಬದಲಾಗದಿದ್ದರೆ ಲೋಹ ಬದಲಾದರೂ ಅದನ್ನು ಮುಟ್ಟುವುದಿಲ್ಲ. ಹಂಡೆಗೆ ಬದಲಾಯಿಸಬೇಕಾದ್ದು ವೇಗ ಮಾತ್ರ.

ತಾಮ್ರಕ್ಕೆ ಪುಸ್ತಕದಲ್ಲಿ 4660 ಎಂದಿರುತ್ತದೆ. ಶುದ್ಧ ತಾಮ್ರಕ್ಕೆ ಅದು ಹೆಚ್ಚುಕಡಿಮೆ ಸರಿ. ಬೀಡುಕಬ್ಬಿಣಕ್ಕಾದರೆ ಪುಸ್ತಕದ ಅಂಕಿಯನ್ನು ನಾನು ನಂಬುವುದಿಲ್ಲ, ಒಳಗಿನ ಗ್ರಾಫೈಟ್ ಹೇಗಿದೆ ಎನ್ನುವುದರ ಮೇಲೆ ವೇಗ ತುಂಬಾ ಬದಲಾಗುತ್ತದೆ. ತಾಮ್ರಕ್ಕೂ ನಾನು ತುಂಡು ಇಟ್ಟೇ ನೋಡಿದೆ. ಎಲೆಕ್ಟ್ರಿಕಲ್ ಪ್ಯಾನೆಲ್‌ಗೆ ಹಾಕುವ ತಾಮ್ರದ ಪಟ್ಟಿಯ ತುಂಡು ತಂದೆ. ಮೈಕ್ರೋಮೀಟರಿನಲ್ಲಿ 10.00 ಮಿ.ಮೀ. ಉಕ್ಕಿನ ವೇಗದಲ್ಲಿ ಗೇಜ್ ತೋರಿಸಿದ್ದು 12.70. ಲೆಕ್ಕ ಇಷ್ಟೇ:

5920 × 10.00 ÷ 12.70 = 4661

ದಪ್ಪ ತುಂಡನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. 0.01 ಮಿ.ಮೀ. ತಪ್ಪು 10ರಲ್ಲಿ ಲೆಕ್ಕಕ್ಕೇ ಬರುವುದಿಲ್ಲ, 2ರಲ್ಲಿ ಅರ್ಧ ಪರ್ಸೆಂಟ್ ಆಗುತ್ತದೆ. ಆಮೇಲೆ ಪಾತ್ರೆ ಕೆಲಸದವರ ಹತ್ತಿರ ಸಿಕ್ಕ 3.00 ಮಿ.ಮೀ. ತಾಮ್ರದ ಹಾಳೆಯ ಚೂರಿನ ಮೇಲೆ ಇಟ್ಟೆ. 3.01 ಬಂತು. ಜೀರೋ ಕೂಡ ಸರಿಯಿದೆ ಎಂದು ಇದರಿಂದ ಗೊತ್ತಾಯಿತು.

ಹಂಡೆ ಪೂರ್ತಿ ತಣ್ಣಗಿದ್ದಾಗಲೇ ಅಳೆದೆ. ಲೋಹ ಬಿಸಿಯಾದರೆ ಶಬ್ದದ ವೇಗ ಇಳಿಯುತ್ತದೆ, ಗೇಜ್ ಇರುವುದಕ್ಕಿಂತ ದಪ್ಪ ತೋರಿಸುತ್ತದೆ. ಒಳಗಿನ ಚೊಗರನ್ನು ಎಮರಿ ಹಾಳೆಯಿಂದ ಉಜ್ಜಿ, ತಾಮ್ರ ಹೊಳೆಯುವ ಜಾಗದಲ್ಲಿ ಮಾತ್ರ ಪ್ರೋಬ್ ಇಟ್ಟೆ. ಪಕ್ಕದ ಗೋಡೆಯಲ್ಲಿ 2.6 ಸಿಕ್ಕಿತು. ತಳದಲ್ಲಿ 1.9, ಬೆಂಕಿ ಹೆಚ್ಚು ತಾಗುವ ಕಡೆ 1.4, 1.1. ಅದರ ಪಕ್ಕದಲ್ಲೇ ಥಟ್ಟನೆ 1.7!

ಸವೆಯುತ್ತಾ ಬಂದ ತಳ ಬೆರಳಷ್ಟು ಜಾಗದಲ್ಲಿ ಮತ್ತೆ ದಪ್ಪವಾಗುವುದು ಹೇಗೆ? ಎರಡು ಹರಳಿನ ಪ್ರೋಬ್‌ಗೆ ಒಂದು ಕೆಳಮಿತಿ ಇರುತ್ತದೆ, ನನ್ನದಕ್ಕೆ ಸುಮಾರು 1 ಮಿ.ಮೀ. ಅದಕ್ಕಿಂತ ತೆಳುವಾದರೆ ಮೊದಲ ಪ್ರತಿಧ್ವನಿ ಅದಕ್ಕೆ ಸರಿಯಾಗಿ ಸಿಗುವುದಿಲ್ಲ, ಎರಡನೆಯದನ್ನು ಹಿಡಿದು ಸುಮಾರು ದುಪ್ಪಟ್ಟು ದಪ್ಪ ತೋರಿಸುತ್ತದೆ. ಅಂದರೆ ಅತಿ ಅಪಾಯದ ಜಾಗವೇ ಗಟ್ಟಿಯಾಗಿ ಕಾಣುತ್ತದೆ. ಒಂದೊಂದು ಕಡೆ ಇಟ್ಟು ಎತ್ತಿ ಬರೆದುಕೊಂಡು ಹೋದರೆ ಇದು ಕಣ್ಣಿಗೆ ಬೀಳುವುದಿಲ್ಲ. ಜೆಲ್ ಮೇಲೆ ಪ್ರೋಬ್ ನಿಧಾನ ಜಾರಿಸುತ್ತಾ ಹೋದರೆ ಅಂಕಿ ಇಳಿದು ಇಳಿದು ಒಮ್ಮೆಲೇ ಹಾರುವುದು ಕಾಣುತ್ತದೆ.

ಆ ಜಾಗಕ್ಕೆ ಚಾಕ್‌ಪೀಸಿನಲ್ಲಿ ಸುತ್ತು ಹಾಕಿ, ಒಲೆಗೆ ಏರಿಸಬೇಡಿ ಎಂದೆ. ಪಾತ್ರೆ ಕೆಲಸದವರು ಅಷ್ಟು ಭಾಗ ಕತ್ತರಿಸಿ ಹೊಸ ತಾಮ್ರ ಕೂಡಿಸಿದರು. ಕತ್ತರಿಸಿದ ತುಂಡನ್ನು ಮೈಕ್ರೋಮೀಟರಿಗೆ ಹಿಡಿದೆವು. ಗೇಜ್ 1.7 ತೋರಿಸಿದ್ದ ಜಾಗದಲ್ಲಿ ತಾಮ್ರ ಉಳಿದಿದ್ದು 0.84.