ಮೂರು ಸೂಜಿ ಆದಮೇಲೆ ಬಂದ ಮೊಣಕೈ

"ಸರ, ಇನ್ನೊಂದ್ ಸೂಜಿ ಮಾಡಿಬಿಡ್ರಿ. ಎಳ್ಳ ಅಮಾಸಿ ಹತ್ತರ ಬಂತು."

ಗದಗದ ನನ್ನ ಕ್ಲಿನಿಕ್ಕಿಗೆ ಬಂದ ಆ ಅಕ್ಕ ದಿನಕ್ಕೆ 150 ಜೋಳದ ರೊಟ್ಟಿ ಬಡಿದು ಮಾರುವವರು. ಬಲ ಮೊಣಕೈ ನೋವಿಗೆ ಹದಿನಾಲ್ಕು ತಿಂಗಳಲ್ಲಿ ಬೇರೆ ಕಡೆ ಮೂರು ಸ್ಟೀರಾಯ್ಡ್ ಸೂಜಿ ಆಗಿದ್ದವು. ಮೊದಲನೆಯದು ನಾಲ್ಕು ತಿಂಗಳು ಆರಾಮ ಕೊಟ್ಟಿತ್ತು, ಮೂರನೆಯದು ಮೂರೇ ವಾರ. ಚುಚ್ಚಿದ ಜಾಗದ ಚರ್ಮ ಬೆಳ್ಳಗಾಗಿ ತಗ್ಗು ಬಿದ್ದಿತ್ತು.

ಮೊಣಕೈಯ ಹೊರಗಿನ ಎಲುಬಿನ ಗುಬ್ಬಿಯ ಸ್ವಲ್ಪ ಮುಂದೆ ಒತ್ತಿದಾಗ ಕೈ ಎಳೆದುಕೊಂಡರು. ಮೊಣಕೈ ಚಾಚಿಸಿ, ನಡುಬೆರಳನ್ನು ನಾನು ಕೆಳಗೆ ಒತ್ತುವಾಗ ಮೇಲೆತ್ತಿ ಹಿಡಿಯಲು ಹೇಳಿದೆ. ಅದೇ ಜಾಗ ನೊಂದಿತು. ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಹಿಡಿತದ ಅಳತೆ: ಕೈ ಚಾಚಿ, ನೋವು ಶುರುವಾಗುವ ತನಕ ಮಾತ್ರ ಅದುಮುವುದು. ಎಡಗೈ 22 ಕಿಲೋ, ಬಲಗೈ 6. ಕುತ್ತಿಗೆ ತಿರುಗಿಸಿದರೆ ನೋವಿಲ್ಲ. ಗುಬ್ಬಿಯಿಂದ ನಾಲ್ಕೈದು ಸೆಂಟಿಮೀಟರ್ ಕೆಳಗೆ ಒತ್ತಿದರೂ ನೋವಿಲ್ಲ. ಅಲ್ಲಿ ನೊಂದಿದ್ದರೆ ನರದ ಮೇಲೆ ಅನುಮಾನ ಪಡುತ್ತಿದ್ದೆ.

"ಬಾವು ಇಳಿಸೋ ಸೂಜಿ ಅಂದಿದ್ರು" ಎಂದರು. ಇಷ್ಟು ಹಳೆಯ ನೋವಿನಲ್ಲಿ ಇಳಿಸಲು ಬಾವೇ ಹೆಚ್ಚಿರುವುದಿಲ್ಲ. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುರಜ್ಜುವಿನ ಕೊಲಾಜನ್ ಎಳೆಗಳು ಸಾಲು ತಪ್ಪಿರುತ್ತವೆ, ನಡುವೆ ಹೊಸ ರಕ್ತನಾಳಗಳು ನುಗ್ಗಿರುತ್ತವೆ. ಸ್ಟೀರಾಯ್ಡ್ ಮೊದಲ ಆರು ವಾರ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದೇ ಅದರ ಮೋಸ. ವರ್ಷದ ಕೊನೆಗೆ ನೋಡಿದರೆ ಸೂಜಿ ಹಾಕಿಸಿಕೊಂಡವರಲ್ಲೇ ನೋವು ಮರಳುವುದು ಹೆಚ್ಚು.

ರೊಟ್ಟಿ ಬಿಡಿ ಎನ್ನುವ ಹಾಗಿರಲಿಲ್ಲ, ಅದೇ ಅವರ ಹೊಟ್ಟೆಪಾಡು. 60ಕ್ಕೆ ಇಳಿಸಲು ಒಪ್ಪಿದರು. ಉಳಿದದ್ದು ಮಗಳು ಬಡಿದಳು. ಹೆಂಚು, ಕೊಡ ಎತ್ತುವಾಗ ಅಂಗೈ ಮೇಲೆ ಮಾಡಿ ಎತ್ತುವುದನ್ನು ರೂಢಿ ಮಾಡಿಸಿದೆ, ಅಂಗೈ ಕೆಳಗಿದ್ದರೆ ಭಾರವೆಲ್ಲ ಆ ರಜ್ಜುವಿಗೇ. ಮೊದಲ ಎರಡು ವಾರ ಮುಂಗೈ ಮೇಜಿನ ಮೇಲಿಟ್ಟು, ಎಡಗೈಯಿಂದ ಅದುಮುತ್ತ ಬಲ ಮಣಿಕಟ್ಟನ್ನು ಅಲುಗಿಸದೆ 40 ಸೆಕೆಂಡ್ ಹಿಡಿಯುವುದು, ಐದು ಸಲ. ಆಮೇಲೆ ಅರ್ಧ ಲೀಟರ್ ನೀರಿನ ಬಾಟಲಿ: ಎಡಗೈ ಸಹಾಯದಿಂದ ಮೇಲಕ್ಕೆ, ಬಲಗೈ ಒಂದರಿಂದಲೇ ನಾಲ್ಕು ಎಣಿಸುತ್ತ ಕೆಳಕ್ಕೆ. ಹದಿನೈದರಂತೆ ಮೂರು ಸುತ್ತು. ಮಾಡುವಾಗ ಹತ್ತಕ್ಕೆ ನಾಲ್ಕರಷ್ಟು ನೋವಾದರೆ ನಡೆಯುತ್ತದೆ, ಮರುದಿನ ಬೆಳಿಗ್ಗೆ ಉಳಿದಿರಬಾರದು.

ಎಳ್ಳ ಅಮಾವಾಸ್ಯೆಗೆ ಮಾತು ಕೇಳಲಿಲ್ಲ. ಎರಡು ದಿನದಲ್ಲಿ 400 ಸಜ್ಜಿ ರೊಟ್ಟಿ! ನೋವು ಒಂದು ವಾರ ಇಳಿಯಲಿಲ್ಲ. ಬಾಟಲಿ ಬಿಡಿಸಿ ಮತ್ತೆ ಮಣಿಕಟ್ಟು ಅಲುಗಿಸದೆ ಹಿಡಿಯುವ ವ್ಯಾಯಾಮಕ್ಕೆ ಮರಳಿದೆವು, ಸೂಜಿಗಲ್ಲ.

ಮೂರನೇ ತಿಂಗಳಿಗೆ ಹಿಡಿತ 13, ಐದನೆಯದಕ್ಕೆ 19. ಆರು ತಿಂಗಳಾದರೂ ಏರದಿದ್ದರೆ ರಜ್ಜು ಹರಿದಿದೆಯೇ ಎಂದು ಸ್ಕ್ಯಾನ್ ಮಾಡಿಸಿ, ಆಮೇಲೆ ಆಪರೇಷನ್ ಮಾತು ತೆಗೆಯುತ್ತಿದ್ದೆ. ರೋಗಿಯ ರಕ್ತದಿಂದಲೇ ತಯಾರಿಸುವ ಪಿಆರ್‌ಪಿ ಸೂಜಿಯನ್ನೂ ಕೇಳಿದ್ದರು. ಅದರ ಫಲಿತಾಂಶ ಒಂದೇ ತೆರನಾಗಿಲ್ಲ, ದುಡ್ಡು ಮಾತ್ರ ಬಹಳ, ಬೇಡವೆಂದೆ. ಈಗ 120 ರೊಟ್ಟಿ ಬಡಿಯುತ್ತಾರೆ. ಚರ್ಮದ ಬಿಳಿ ಕಲೆ ಇನ್ನೂ ಹಾಗೇ ಇದೆ.