ಒಂದೂವರೆ ಲಕ್ಷದ ಅಡ್ವಾನ್ಸು, ಅರವತ್ತೆಂಟೂವರೆ ಸಾವಿರದ ಚೀಟಿ

ಬೆಂಗಳೂರಿನ ಬಸವೇಶ್ವರನಗರದ ಎರಡು ಬೆಡ್‌ರೂಮಿನ ಆ ಮನೆಯಲ್ಲಿ ನಾವು 2021ರ ಜೂನ್‌ನಿಂದ 2024ರ ಅಕ್ಟೋಬರ್‌ವರೆಗೆ ಇದ್ದೆವು. ಹೋದಾಗ ಬಾಡಿಗೆ 18,000, ಬಿಡುವಾಗ 20,800. ಅಡ್ವಾನ್ಸು ಒಂದೂವರೆ ಲಕ್ಷ. ಮೈಸೂರಿಗೆ ವರ್ಗವಾದಾಗ ಎರಡು ತಿಂಗಳು ಮುಂಚೆಯೇ ನೋಟಿಸ್ ಕೊಟ್ಟೆ, ಬಾಡಿಗೆ ಒಂದು ರೂಪಾಯಿಯೂ ಬಾಕಿ ಇರಲಿಲ್ಲ. ಸಾಮಾನು ಲಾರಿಗೆ ಹಾಕಿದ ಮೂರನೇ ದಿನ ಓನರ್ ಅಂಕಲ್ ಒಂದು ಚೀಟಿಯ ಫೋಟೊ ಕಳಿಸಿದರು. ಪೇಂಟಿಂಗ್ 28,000, ಅಡುಗೆಮನೆ ಗ್ರಾನೈಟ್ 15,000, ವಾರ್ಡ್‌ರೋಬ್ 12,000, ಗೀಸರ್ 6,500, ಕ್ಲೀನಿಂಗ್ 4,000, ಬಾತ್‌ರೂಮ್ ಟೈಲ್ಸ್ 3,000. ಒಟ್ಟು 68,500. ಕೆಳಗೆ, 'ಉಳಿದದ್ದು ಹೊಸ ಪಾರ್ಟಿ ಬಂದ ಮೇಲೆ.'

ಮೊದಲ ಸಿಟ್ಟಿನಲ್ಲಿ ಉದ್ದದ ಮೆಸೇಜ್ ಟೈಪ್ ಮಾಡಿ, ಕಳಿಸದೆ ಅಳಿಸಿದೆ. ಭಾವಮೈದುನ ಕೀ ಕೊಡಲೇ ಬೇಡಿ ಎಂದ. ಕೀ ನಮ್ಮ ಕೈಯಲ್ಲಿರುವಷ್ಟು ದಿನ ಮನೆಯೂ ನಮ್ಮ ಕೈಯಲ್ಲೇ ಇದ್ದ ಹಾಗೆ, ಆ ದಿನಗಳ ಬಾಡಿಗೆಯನ್ನೂ ಚೀಟಿಗೆ ಸೇರಿಸಲು ಅವರಿಗೆ ದಾರಿಯಾಗುತ್ತದೆ. ಹಾಗಾಗಿ ನಾನೇ ಹೋಗಿ ಕೀ ಕೊಟ್ಟೆ, ಕರೆಂಟ್ ಮೀಟರಿನ ರೀಡಿಂಗ್ ಫೋಟೊ ತೆಗೆದು 'ಎರಡು ಸೆಟ್ ಕೀ ಇವತ್ತು ಕೊಟ್ಟಿದ್ದೇನೆ ಅಂಕಲ್' ಎಂದು ವಾಟ್ಸ್ಆ್ಯಪ್‌ನಲ್ಲಿ ಹಾಕಿದೆ. ಅವರು 'ಓಕೆ' ಎಂದರು. ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿಗೆ ವಜಾ ಹಾಕಿಕೊಳ್ಳಬೇಕಿತ್ತು ಎಂದವರೂ ಇದ್ದರು. ಬೆಂಗಳೂರಿನಲ್ಲಿ ಬಹಳ ಜನ ಮಾಡುವುದು ಅದನ್ನೇ. ನಮ್ಮ ಅಗ್ರಿಮೆಂಟಿನಲ್ಲಿ ಹಾಗೆ ಮಾಡಬಾರದೆಂದು ಬರೆದಿತ್ತು. ನಿಜ ಹೇಳಬೇಕೆಂದರೆ, ಮುಂಚೆಯೇ ಬಾಯಿಬಿಟ್ಟು ಕೇಳಿದ್ದರೆ ಅಂಕಲ್ ಒಪ್ಪುತ್ತಿದ್ದರೇನೋ.

ಆಮೇಲೆ ಅಗ್ರಿಮೆಂಟ್ ತೆಗೆದು ಕೂತೆ. ಹನ್ನೊಂದು ತಿಂಗಳಿಗೊಂದರಂತೆ ನಾಲ್ಕು ಆಗಿದ್ದವು, ಲೆಕ್ಕಕ್ಕೆ ಬರುವುದು ಕೊನೆಯದು. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗೆ ಅನ್ವಯಿಸುವುದೇ ಇಲ್ಲ ಎಂದು ಪರಿಚಯದ ವಕೀಲರೊಬ್ಬರು ಹೇಳಿದರು. ನಮ್ಮಂಥವರಿಗೆ ಇರುವುದು ಅಗ್ರಿಮೆಂಟು, ಅದು ಸುಮ್ಮನಿರುವ ಕಡೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೇ ಕಲಮಿನ ಪ್ರಕಾರ ಬಾಡಿಗೆದಾರ ಮನೆಯನ್ನು ತಾನು ಪಡೆದಾಗ ಇದ್ದಷ್ಟೇ ಒಳ್ಳೆ ಸ್ಥಿತಿಯಲ್ಲಿ ಒಪ್ಪಿಸಬೇಕು, ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವಕಳಿಗೆ ಅವನು ಹೊಣೆಯಲ್ಲ. ಇದೆಲ್ಲ ಅಗ್ರಿಮೆಂಟಿನಲ್ಲಿ ಬೇರೆ ಮಾತು ಬರೆದಿರದಿದ್ದರೆ ಮಾತ್ರ. ಈ 'ಬರೆದಿರದಿದ್ದರೆ' ನನಗೆ ಮುಖ್ಯವಾಯಿತು. ಚೀಟಿಯ ಒಂದೊಂದು ಸಾಲನ್ನೂ ಎದುರಿಗಿಟ್ಟುಕೊಂಡು, ಇದು ಬರೆದುಕೊಟ್ಟದ್ದೋ, ಸವಕಳಿಯೋ, ನಾವು ಮಾಡಿದ ಹಾಳೋ ಎಂದು ಕೇಳುತ್ತ ಹೋದೆ.

ಪೇಂಟಿಂಗ್ ಮೊದಲನೆಯ ಗುಂಪಿಗೆ ಬಿತ್ತು. ಮೂರು ವರ್ಷದಲ್ಲಿ ಬಣ್ಣ ಮಾಸುವುದು ಸವಕಳಿಯೇ ಎಂದು ನಾನು ವಾದಿಸಲು ಸಿದ್ಧನಾಗಿದ್ದೆ. ಆದರೆ ಮನೆ ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳತಕ್ಕದ್ದು ಎಂದು ಏಳನೇ ಷರತ್ತಿನಲ್ಲಿ ನಾನೇ ಸಹಿ ಹಾಕಿದ್ದೆ, ಅದೂ ನಾಲ್ಕು ಸಲ. ಹಾಗಾಗಿ 20,800 ಹೋಯಿತು. ಆದರೆ ಅದೇ ಷರತ್ತು ಅವರಿಗೂ ಅಡ್ಡ ಬಂತು. ಖರ್ಚು ಎಷ್ಟೇ ಆಗಲಿ, ಒಂದು ತಿಂಗಳ ಬಾಡಿಗೆ ಎಂದರೆ ಅಷ್ಟೇ, 28,000 ಅಲ್ಲ. ಹಾಲ್ ಗೋಡೆಯ ಮೇಲೆ ಮಗಳು ಬರೆದಿದ್ದ ಆನೆ ಕೂಡ ಆ ಮೊತ್ತದೊಳಗೇ ಅಡಗಿತು.

ಗ್ರಾನೈಟಿನ ವಿಷಯದಲ್ಲಿ ನನ್ನನ್ನು ಉಳಿಸಿದ್ದು ಹನ್ನೊಂದು ನಿಮಿಷದ ಒಂದು ವೀಡಿಯೊ. 2021ರಲ್ಲಿ ಆ ಮನೆಗೆ ಹೋದಾಗ, ನಮ್ಮ ಸಾಮಾನಿನ ಲಾರಿ ಬರುವ ಮುಂಚೆ, ಖಾಲಿ ಮನೆಯನ್ನು ಬಾಗಿಲಿನಿಂದ ಬಾಲ್ಕನಿವರೆಗೆ ತೆಗೆದಿದ್ದೆ. ನಲ್ಲಿಗಳನ್ನು ತಿರುಗಿಸಿ, ಕಪಾಟುಗಳನ್ನು ತೆಗೆದು ತೋರಿಸುತ್ತ. ಬಿರುಕು ಇದ್ದದ್ದು ಸಿಂಕಿನ ಮೂಲೆಯಲ್ಲಿ. ಸಿಂಕಿಗಾಗಿ ಕಲ್ಲು ಕೊರೆದ ಕಡೆ ಮುಂದಿನ ಪಟ್ಟಿ ನಾಲ್ಕು ಬೆರಳಷ್ಟೇ ಅಗಲ ಉಳಿದಿರುತ್ತದೆ, ಕಟ್ಟೆ ಬಿರಿಯುವುದು ಸಾಮಾನ್ಯವಾಗಿ ಅಲ್ಲೇ. ವೀಡಿಯೊದಲ್ಲಿ ಕೂದಲೆಳೆಯಷ್ಟು ಗೆರೆ ಕಾಣುತ್ತಿತ್ತು. ಅಂದೇ ಅಂಕಲ್‌ಗೆ ಹದಿನಾಲ್ಕು ಫೋಟೊ ಕಳಿಸಿದ್ದೆ, ಅವರು ಹೆಬ್ಬೆರಳಿನ ಗುರುತು ಹಾಕಿದ್ದರು. ಆದರೆ ವಾಟ್ಸ್ಆ್ಯಪ್‌ನಲ್ಲಿ ಹೋದ ಫೋಟೊ ಕುಗ್ಗಿ ಹೋಗಿತ್ತು, ಅದರಲ್ಲಿ ಗೆರೆ ಕಾಣಲೇ ಇಲ್ಲ. ತೆಗೆದ ದಿನಾಂಕದ ವಿವರವೂ ಹಾಗೆ ಕಳಿಸಿದಾಗ ಕಳಚಿಹೋಗುತ್ತದೆ. ನಡುವೆ ಫೋನ್ ಬದಲಾಯಿಸಿದ್ದೆ, ಪುಣ್ಯಕ್ಕೆ ಮೂಲ ಫೈಲುಗಳು ಡ್ರೈವ್‌ನಲ್ಲಿ ಇದ್ದವು. ಮೂಲ ಫೋಟೊ ಹಿಗ್ಗಿಸಿದರೆ ಗೆರೆಯೂ ಇತ್ತು, ದಿನಾಂಕವೂ ಇತ್ತು. ಈ ಸಲ ಅದನ್ನು ಫೋಟೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿದೆ.

ವಾರ್ಡ್‌ರೋಬ್ ಅಷ್ಟು ಸುಲಭವಾಗಿರಲಿಲ್ಲ. ತಳದ ಹಲಗೆ ಉಬ್ಬಿ, ಲ್ಯಾಮಿನೇಟ್ ಎದ್ದಿತ್ತು. ಒದ್ದೆ ಬಟ್ಟೆ ಇಟ್ಟಿದ್ದೀರಿ ಎಂಬುದು ಅವರ ಆರೋಪ. ಒದ್ದೆ ಬಟ್ಟೆಯಿಂದಾಗಿದ್ದರೆ ಉಬ್ಬು ಹಲಗೆಯ ನಡುವೆ ಅಥವಾ ಮುಂದಿನ ಅಂಚಿನಲ್ಲಿ ಇರಬೇಕು. ಇಲ್ಲಿ ಅದು ಹಿಂದಿನಿಂದ, ಗೋಡೆಗೆ ತಗಲುವ ಕಡೆಯಿಂದ ಶುರುವಾಗಿತ್ತು. ಆ ಗೋಡೆಯ ಆಚೆ ಬಾತ್‌ರೂಮ್. ಹಲಗೆಯ ಹಿಂದೆ ಗೋಡೆ ಉಪ್ಪು ಬಿಟ್ಟು ಬಿಳಿ ಪುಡಿ ಉದುರುತ್ತಿತ್ತು. ಆರುನೂರು ರೂಪಾಯಿಗೆ ಪ್ಲಂಬರ್ ಒಬ್ಬರನ್ನು ಕರೆದು, ಅಂಕಲ್‌ರ ಒಪ್ಪಿಗೆ ಪಡೆದು, ಬಾತ್‌ರೂಮಿನ ನೀರು ಹೋಗುವ ಕಿಂಡಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ನಿಲ್ಲಿಸಿದೆವು. ನೀರಿನ ಮಟ್ಟಕ್ಕೆ ಟೈಲ್ಸಿನ ಮೇಲೆ ಪೆನ್ಸಿಲ್ ಗುರುತು. ಮರುದಿನ ಬೆಳಗ್ಗೆ ನೀರು ಗುರುತಿಗಿಂತ ಒಂದು ಬೆರಳು ಇಳಿದಿತ್ತು, ಈಚೆ ಗೋಡೆಯ ಬುಡ ಮುಟ್ಟಿದರೆ ತಣ್ಣಗೆ ಒದ್ದೆ. ಅಂಕಲ್ ತಾವೇ ಕೈಯಿಟ್ಟು ನೋಡಿ ಸುಮ್ಮನಾದರು.

ಅದಕ್ಕಿಂತ ಗಟ್ಟಿ ಸಾಕ್ಷಿ ಚಾಟ್‌ನಲ್ಲೇ ಇತ್ತು. 2023ರ ಆಗಸ್ಟ್‌ನಲ್ಲಿ ನಾನು 'ಅಂಕಲ್, ಬೆಡ್‌ರೂಮ್ ಗೋಡೆ ಕೆಳಗೆ ಒದ್ದೆ ಆಗ್ತಿದೆ, ಯಾರನ್ನಾದ್ರೂ ಕಳಿಸಿ' ಎಂದಿದ್ದೆ. ಅವರು 'ನೆಕ್ಸ್ಟ್ ವೀಕ್ ಕಳಿಸ್ತೀನಿ' ಎಂದಿದ್ದರು. ಯಾರೂ ಬರಲಿಲ್ಲ. ಆದರೆ ನಾನೂ ಮತ್ತೆ ಕೇಳಲಿಲ್ಲ. ಹದಿನಾಲ್ಕು ತಿಂಗಳು ಹಲಗೆ ಉಬ್ಬುವುದನ್ನು ನೋಡಿಕೊಂಡೇ ಇದ್ದೆ.

ಕೀ ಕೊಟ್ಟ ಹತ್ತು ದಿನಕ್ಕೆ ಒಂದು ಭಾನುವಾರ ಅವರ ಮನೆಯಲ್ಲೇ ಕೂತೆವು. ಮನೆ ಕೊಡಿಸಿದ್ದ ಬ್ರೋಕರ್‌ನ್ನು ನಡುವೆ ಕೂರಿಸಿಕೊಂಡೆ. ಇಬ್ಬರಿಂದಲೂ ಕಮಿಷನ್ ತಿಂದವನು, ಇಬ್ಬರ ಮಾತನ್ನೂ ಕೇಳಲೇಬೇಕಾದವನು. ಆಂಟಿ ಕಾಫಿ ಕೊಟ್ಟರು. ಮೊದಲೇ ಗ್ರಾನೈಟ್ ತೆಗೆಯಬಾರದೆಂದು ನಿರ್ಧರಿಸಿಕೊಂಡು ಹೋಗಿದ್ದೆ. ನಾನು ಒಪ್ಪುವುದರಿಂದ ಶುರು ಮಾಡಿದೆ. 'ಟವೆಲ್ ರಾಡ್ ಹಾಕಿಸುವಾಗ ಟೈಲ್ಸ್ ಒಡೆದದ್ದು ನಾವೇ ಅಂಕಲ್, ಆ ಮೂರು ಸಾವಿರ ಹಿಡ್ಕೊಳ್ಳಿ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳಿ.' ಅವರ ಭುಜ ಸ್ವಲ್ಪ ಇಳಿಯಿತು. ಕ್ಲೀನಿಂಗ್ ನಾವು ಮಾಡಿಸದೆ ಹೋದದ್ದು ನಿಜ, ಬ್ರೋಕರ್ ತನಗೆ ಗೊತ್ತಿದ್ದವರಿಗೆ ಫೋನ್ ಹಚ್ಚಿ 2,500ಕ್ಕೆ ಒಪ್ಪಿಸಿದ.

ಗೀಸರ್‌ಗೆ ಅವರು ಹೊಸದರ ಬೆಲೆ ಬರೆದಿದ್ದರು. ಲೇಬಲ್ಲಿನ ಫೋಟೊ ತೋರಿಸಿದೆ, ತಯಾರಾದದ್ದು 2015ರಲ್ಲಿ. ಬೋರ್‌ವೆಲ್ ನೀರಿಗೆ ಒಳಗಿನ ಕಾಯಿಲ್ ಮೇಲೆ ಉಪ್ಪು ಕಟ್ಟಿ ಸುಟ್ಟುಹೋಗಿತ್ತು, ಟ್ಯಾಂಕ್ ಸರಿಯಾಗಿಯೇ ಇತ್ತು. ಒಂಬತ್ತು ವರ್ಷದ ಗೀಸರಿಗೆ ಬದಲಾಗಿ ಹೊಸ ಗೀಸರ್ ಕೊಡಿಸಿದರೆ ಅದು ನಷ್ಟಭರ್ತಿಯಲ್ಲ, ಉಡುಗೊರೆ. ಕಾಯಿಲ್ ಹಾಕಿಸುವ 1,200 ಕೊಡುತ್ತೇನೆ ಎಂದೆ.

ಆಮೇಲೆ ಗ್ರಾನೈಟ್. ವೀಡಿಯೊವನ್ನು ಅವರ ಟೀವಿಯಲ್ಲೇ ಹಾಕಿದೆವು. ಅಂಕಲ್ ಎರಡು ಸಲ ನೋಡಿದರು. 'ಇತ್ತಪ್ಪಾ, ಇಲ್ಲ ಅನ್ನಲ್ಲ. ಆದ್ರೆ ಅಷ್ಟೇ ಅಷ್ಟಿತ್ತು. ಈಗ ನೋಡು, ಕಾರ್ಡೇ ತೂರಿಸಬಹುದು. ಕುಟ್ಟಿ ಕುಟ್ಟಿ ಹೀಗಾಗಿದೆ.' ನನ್ನ ಹೆಂಡತಿ ಚಟ್ನಿಪುಡಿಗೆ ಕುಟ್ಟಾಣಿಯನ್ನು ಅದೇ ಕಟ್ಟೆಯ ಮೇಲೆ ಇಟ್ಟು ಕುಟ್ಟುತ್ತಿದ್ದಳು ಎಂಬುದು ಕೆಳಗಿನ ಮನೆಯ ಅವರಿಗೆ ದಿನಾ ಕೇಳಿಸಿತ್ತು! ಇದಕ್ಕೆ ನನ್ನ ಬಳಿ ವೀಡಿಯೊ ಇರಲಿಲ್ಲ. 2,000ಕ್ಕೆ ಒಪ್ಪಿದೆ. ವಾರ್ಡ್‌ರೋಬಿಗೆ ತಳ ಮತ್ತು ಬೆನ್ನಿನ ಹಲಗೆ ಮಾತ್ರ ಬದಲಾಯಿಸಲು ಕಾರ್ಪೆಂಟರ್ ಬರೆದುಕೊಟ್ಟದ್ದು 7,000. ಸೋರಿಕೆ ಅವರದು, ಸುಮ್ಮನಿದ್ದದ್ದು ನನ್ನದು. ಅರ್ಧ, 3,500.

ಒಟ್ಟು 33,000. ವಾಪಸ್ ಬರಬೇಕಾದದ್ದು 1,17,000. ಇಷ್ಟಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ನಿಜವಾದ ಜಗ್ಗಾಟ ಶುರುವಾದದ್ದು ಹಣ ಯಾವತ್ತು ಎಂದು ಕೇಳಿದಾಗ. ಅಡ್ವಾನ್ಸ್ ಹಣ ಅವರ ಬಳಿ ಇರಲೇ ಇಲ್ಲ, ಮಗಳ ಮದುವೆಗೆ ಎಂದೋ ಹೋಗಿತ್ತು. ಹೊಸ ಬಾಡಿಗೆದಾರ ತರುವ ಅಡ್ವಾನ್ಸೇ ಹಳಬನ ಅಡ್ವಾನ್ಸು. ಚೀಟಿ ಅಷ್ಟು ಉದ್ದ ಬೆಳೆದದ್ದಕ್ಕೆ ಅರ್ಧ ಕಾರಣ ಇದೇ ಎಂದು ನನಗೆ ಆಗ ಹೊಳೆಯಿತು.

ಪೊಲೀಸರು ಇದನ್ನು ಸಿವಿಲ್ ವ್ಯಾಜ್ಯ ಎಂದು ವಾಪಸ್ ಕಳಿಸುತ್ತಾರೆ, ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಂದು ವಕೀಲರು ಮೊದಲೇ ಹೇಳಿದ್ದರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಕೇಸು ಹಾಕುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ಕೂರಬಹುದು, ಶುಲ್ಕವಿಲ್ಲ, ಅಲ್ಲಿ ಆದ ಒಪ್ಪಂದ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಆದರೆ ಎದುರಿನವರು ಬರಬೇಕು, ಒಪ್ಪಬೇಕು. ಆ ದಾರಿ ಕೊನೆಗಿರಲಿ ಎಂದು ಇಟ್ಟುಕೊಂಡಿದ್ದೆ, ಅಂಕಲ್ ಮುಂದೆ ಅದರ ಹೆಸರು ಎತ್ತಲಿಲ್ಲ.

ಬದಲಿಗೆ, ಇವತ್ತೇ 60,000 ಅಕೌಂಟಿಗೆ ಹಾಕಿ, ಉಳಿದ 57,000ಕ್ಕೆ ನಲವತ್ತೈದು ದಿನ ಮುಂದಿನ ತಾರೀಖು ಹಾಕಿದ ಚೆಕ್ ಕೊಡಿ ಎಂದೆ. 'ಹೊಸ ಪಾರ್ಟಿ ಬಂದ ಮೇಲೆ' ಎಂಬುದಕ್ಕೆ ತಾರೀಖಿಲ್ಲ, ಚೆಕ್ಕಿಗೆ ಇದೆ. ಬೌನ್ಸ್ ಆದರೆ ಮಾತು ಚೆಕ್ ಬೌನ್ಸನ್ನು ಅಪರಾಧ ಎನ್ನುವ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿಗೆ ಹೋಗುತ್ತದೆ ಎಂದು ನಾನು ಬಿಡಿಸಿ ಹೇಳಲಿಲ್ಲ, ನಿವೃತ್ತ ಬ್ಯಾಂಕ್ ನೌಕರರಾದ ಅಂಕಲ್‌ಗೆ ಹೇಳುವ ಅಗತ್ಯವೂ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅರವತ್ತು ದಿನ ಮಾಡ್ಕೊಳಪ್ಪಾ' ಎಂದರು. ಮಾಡಿಕೊಂಡೆ. ಒಂದು ಹಾಳೆಯಲ್ಲಿ ಆರೂ ಕಡಿತಗಳನ್ನು ಮೊತ್ತದ ಸಮೇತ ಬರೆದು, ಚೆಕ್ ನಂಬರ್ ಹಾಕಿ, ಚೆಕ್ ಪಾಸಾದ ಮೇಲೆ ಯಾರಿಗೂ ಯಾರ ಬಾಕಿಯೂ ಇಲ್ಲ ಎಂದು ಸೇರಿಸಿ ಇಬ್ಬರೂ ಸಹಿ ಮಾಡಿದೆವು. ಬ್ರೋಕರ್ ಸಾಕ್ಷಿ ಹಾಕಿದ. 'ಪಾಸಾದ ಮೇಲೆ' ಎಂಬ ಮಾತನ್ನು ಅಂಕಲ್ ಬಿಟ್ಟಿದ್ದರು, ನಾನು ಕೇಳಿ ಸೇರಿಸಿದೆ.

ಚೆಕ್ ಐವತ್ತೊಂಬತ್ತನೇ ದಿನದವರೆಗೂ ಬೀರುವಿನಲ್ಲಿತ್ತು. ಹಾಕುವ ಹಿಂದಿನ ದಿನ ಫೋನ್ ಮಾಡಿ ಕೇಳಿದೆ, ಎರಡು ದಿನ ತಡೆದು ಹಾಕಿ ಎಂದರು, ತಡೆದೆ, ಪಾಸಾಯಿತು. ಫೆಬ್ರವರಿಯಲ್ಲಿ ಮತ್ತೆ ಅವರದೇ ಫೋನ್. ಎದೆ ಧಸಕ್ಕೆಂದಿತು. ಹೊಸ ಬಾಡಿಗೆದಾರರು ಬೆಡ್‌ರೂಮ್ ಗೋಡೆ ಒದ್ದೆ ಎನ್ನುತ್ತಿದ್ದಾರಂತೆ, ಆವತ್ತು ಬಾತ್‌ರೂಮಿಗೆ ನೀರು ನಿಲ್ಲಿಸಿದ ಪ್ಲಂಬರ್‌ನ ನಂಬರ್ ಬೇಕಿತ್ತು.